ಪುನಃ ಮತ್ತೆ ಅದೇ ಗೋಳು

ಧಾರವಾಡದ ನಮ್ಮ ಓಣಿಯ ಗೋಡೆಗೆ ಮೊನ್ನೆ ನೋಟಿಸ್ ಅಂಟಿಸಿದರು. ‘ಈ ಮೂಲಕ ತಮ್ಮೆಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಪೈಪಿನ ದುರಸ್ತಿ ರಿಪೇರಿ ಇರುವುದರಿಂದ ಕೇವಲ 3 ದಿನ ಮಾತ್ರ ನೀರು ಬರುವುದಿಲ್ಲ. ನಂತರ ಪುನಃ ಮತ್ತೆ ಎಂದಿನಂತೆ ಯಥಾಪ್ರಕಾರ ಬರುತ್ತದೆ.’

ಕೊಡ ಹಿಡಿದು ನಿಂತವರಿಗೆ ಇಷ್ಟೆಲ್ಲ ಯಾಕೆ? ನಾನು ಪೆನ್ಸಿಲ್ ಹಿಡಿದೆ. ದುರಸ್ತಿ ಅಂದರೂ ರಿಪೇರಿ ಅಂದರೂ ಒಂದೇ, ಒಂದು ಹೋಯಿತು. ‘ಕೇವಲ’ ಇದ್ದ ಮೇಲೆ ‘ಮಾತ್ರ’ ಬೇಡ. ಅಸಲಿಗೆ ಎರಡೂ ಬೇಡ, 3 ದಿನ ನೀರಿಲ್ಲದವರಿಗೆ ಅದು ‘ಕೇವಲ’ ಅಲ್ಲ! ‘ತಿಳಿಯಪಡಿಸುವುದೇನೆಂದರೆ’ ಯಾಕೆ? ಗೋಡೆಗೆ ಅಂಟಿಸಿದ್ದೇ ತಿಳಿಸೋಕೆ ಅಲ್ವಾ. ಕೊನೆಗೆ ಉಳಿದದ್ದು: ‘ಪೈಪ್ ರಿಪೇರಿ. 3 ದಿನ ನೀರು ಬರುವುದಿಲ್ಲ.’

ಹಾಗಂತ ಜೋಡಿ ಕಂಡಲ್ಲೆಲ್ಲ ಕತ್ತರಿ ಹಾಕಬಾರದು. ‘ಬಟ್ಟೆಬರೆ’ ಅಂದರೆ ಬರೀ ಬಟ್ಟೆಯಲ್ಲ, ಉಡುವ ತೊಡುವ ಎಲ್ಲವೂ. ಒಂದು ಪದ ತೆಗೆದರೆ ಅರ್ಥ ಕುಗ್ಗುತ್ತದೆ, ಅದನ್ನು ಹಾಗೇ ಉಳಿಸಬೇಕು. ‘ಪುನಃ ಮತ್ತೆ’ಯಲ್ಲಿ ಏನೂ ಕುಗ್ಗಲ್ಲ.

ತಿದ್ದಿದ್ದನ್ನು ನೋಟಿಸ್ ಬರೆದ ಹಿರಿಯರಿಗೆ ತೋರಿಸಿದೆ. ‘ಇಷ್ಟs ಬರದ್ರ ನೋಟಿಸ್ ಅನಸಂಗಿಲ್ರೀ ಸರ’ ಅಂದರು. ಅವರ ತಲೆಯ ಮೇಲೆ ಬೋರ್ಡು: ‘ಸುಸ್ವಾಗತ’. ಸ್ವಾಗತದೊಳಗೇ ಒಂದು ‘ಸು’ ಇದೆ. ಸುಮ್ನೆ ಮನೆಗೆ ಬಂದೆ.