ಮೊತ್ತ ತಾಳೆಯಾದರೂ ಅಂಕ ಬೇರೆ ವಿಷಯದಡಿ ಕುಳಿತಿರಬಹುದು

ತೀರ್ಥಹಳ್ಳಿ, ಹೊಸನಗರದ ಕಡೆಯ ಪ್ರೌಢಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಅಂಕಗಳ ಕೋಷ್ಟಕ ಅನೇಕ ಸಲ ವಾಟ್ಸ್‌ಆ್ಯಪ್ ಗುಂಪಿಗೆ ಸ್ಕ್ರೀನ್‌ಶಾಟ್ ಆಗಿಯೇ ಬಂದು ಬೀಳುತ್ತದೆ. ಅದನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಡುವ ಕೆಲಸವನ್ನು ನಾನು ಪರಿಚಯದ ಶಿಕ್ಷಕರಿಗೆ ಮಾಡಿಕೊಡುತ್ತಿರುತ್ತೇನೆ. ಹಾಳೆ ಕೈಗೆ ಸಿಕ್ಕಿದಾಗ ಅವರು ಕೇಳುವುದು ಒಂದೇ ಪ್ರಶ್ನೆ: "ಟೋಟಲ್ ತಾಳೆ ಆಯ್ತಾ?" ಆ ಪ್ರಶ್ನೆ ಬೇಕಾದದ್ದೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಬ್ಬ ವಿದ್ಯಾರ್ಥಿಯ ಗಣಿತದ ಅಂಕ ತೃತೀಯ ಭಾಷೆಯ ಅಂಕಣದಲ್ಲಿ ಕುಳಿತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸಿದೆ.

ಮೊದಲು ಚಿತ್ರದ ಮಾತು. ಸ್ಕ್ರೀನ್‌ಶಾಟ್ ಎಂದರೆ ಯಾರದೋ ಕಂಪ್ಯೂಟರಿನಲ್ಲಿ ಮೂಲ ಹಾಳೆ ಇದೆ ಎಂದೇ ಅರ್ಥ. ಆದ್ದರಿಂದ ಮೊದಲು ಆ ಫೈಲನ್ನೇ ಕೇಳಬೇಕು. ಅದು ಸಿಗದಿದ್ದರೆ ಚಿತ್ರವನ್ನಾದರೂ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಏಕೆಂದರೆ ಫೋಟೊ ಆಗಿ ಕಳಿಸಿದ್ದನ್ನು ವಾಟ್ಸ್‌ಆ್ಯಪ್ ಕುಗ್ಗಿಸುತ್ತದೆ, ಆಗ 3 ಮತ್ತು 8ರ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಎಕ್ಸೆಲ್‌ನಲ್ಲಿ Data ಪಟ್ಟಿಯ From Picture ಎಂಬ ಸೌಲಭ್ಯ ಚಿತ್ರದಲ್ಲಿನ ಕೋಷ್ಟಕವನ್ನು ಸಾಲು ಮತ್ತು ಅಂಕಣಗಳಾಗಿ ಒಡೆದು ಕೊಡುತ್ತದೆ. ಆದರೆ ಕನ್ನಡದ ಹೆಸರುಗಳನ್ನು ಅದರಿಂದ ಓದಿಸುವ ಆಸೆ ಬೇಡ. ಕ್ರಮಸಂಖ್ಯೆ ಮತ್ತು ಅಂಕಗಳ ಭಾಗವನ್ನಷ್ಟೇ ಚಿತ್ರದಿಂದ ತೆಗೆದುಕೊಂಡು, ಹೆಸರುಗಳನ್ನು ಶಾಲೆಯಲ್ಲಿ ಈಗಾಗಲೇ ಇರುವ ಪಟ್ಟಿಯಿಂದ ಕ್ರಮಸಂಖ್ಯೆಯ ಆಧಾರದ ಮೇಲೆ ತರುವುದು ಒಳ್ಳೆಯದು. ಕ್ರಮಸಂಖ್ಯೆಯ ಆಧಾರ ಎಂದು ಒತ್ತಿ ಹೇಳಲು ಕಾರಣವಿದೆ: ಎಷ್ಟೋ ಕೋಷ್ಟಕಗಳನ್ನು ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ಜೋಡಿಸಿರುತ್ತಾರೆ, ಹಾಜರಿ ಪಟ್ಟಿಯ ಹೆಸರುಗಳನ್ನು ಹಾಗೆಯೇ ಪಕ್ಕಕ್ಕೆ ಅಂಟಿಸಿದರೆ ಇಡೀ ತರಗತಿಯ ಅಂಕ ಅದಲುಬದಲಾಗುತ್ತದೆ.

ಹಾಳೆಯಲ್ಲಿ A ಅಂಕಣಕ್ಕೆ ಕ್ರಮಸಂಖ್ಯೆ, B ಅಂಕಣಕ್ಕೆ ಹೆಸರು, C ಅಂಕಣಕ್ಕೆ 125 ಅಂಕದ ಪ್ರಥಮ ಭಾಷೆ ಎಂದು ಇಟ್ಟುಕೊಳ್ಳೋಣ. D ಇಂದ H ವರೆಗೆ ತಲಾ 100 ಅಂಕದ ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬರುತ್ತವೆ. I ಅಂಕಣದಲ್ಲಿ ಚಿತ್ರದಲ್ಲಿ ಕಂಡ ಒಟ್ಟು ಅಂಕವನ್ನೇ ಬರೆಯಬೇಕು, ಅಲ್ಲಿ ಸೂತ್ರ ಹಾಕಬಾರದು. ಸೂತ್ರ ಹಾಕಿದರೆ ನಾವು ತಪ್ಪಾಗಿ ಇಳಿಸಿದ ಅಂಕಗಳ ಮೊತ್ತವನ್ನೇ ಅದು ಸರಿಯೆಂಬಂತೆ ತೋರಿಸುತ್ತದೆ, ಹೋಲಿಸಿ ನೋಡಲು ಮೂಲದ ಸಂಖ್ಯೆಯೇ ಉಳಿಯುವುದಿಲ್ಲ. ಗೈರಾದ ವಿಷಯದ ಮನೆಯಲ್ಲಿ AB ಎಂದು ಬರೆದು, ಪಕ್ಕದ ಎರಡು ಅಂಕಣಗಳಲ್ಲಿ ಈ ಸೂತ್ರಗಳಿರಲಿ:

```
=SUM(C2:H2)-I2
=COUNT(C2:H2)+COUNTIF(C2:H2,"AB")
```

ಮೊದಲನೆಯದು ಸೊನ್ನೆಯಾಗಬೇಕು, ಎರಡನೆಯದು 6 ಆಗಬೇಕು. ಮೊದಲನೆಯದು ಸೊನ್ನೆಯಾಗದಿದ್ದಾಗ ಆ ವ್ಯತ್ಯಾಸದ ಸಂಖ್ಯೆಯೇ ತಪ್ಪು ಎಲ್ಲಿದೆ ಎಂಬುದರ ಸುಳಿವು ಕೊಡುತ್ತದೆ. ಒಂದು ಸಾಲಿನಲ್ಲಿ 109, 82, 75, 68, 54, 64 ಎಂದು ಬಂದಿದೆ, ಚಿತ್ರದ ಒಟ್ಟು ಅಂಕ 447 ಎಂದುಕೊಳ್ಳಿ. ನಮ್ಮ ಮೊತ್ತ 452, ಅಂದರೆ 5 ಹೆಚ್ಚು. ಬಿಡಿಸ್ಥಾನದ 3 ಅನ್ನು 8 ಎಂದು ಓದಿದಾಗ ಬರುವ ವ್ಯತ್ಯಾಸ ಇದೇ. ಆ ಸಾಲಿನಲ್ಲಿ 8ರಿಂದ ಕೊನೆಯಾಗುವುದು ಗಣಿತದ 68 ಒಂದೇ, ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅದು 63. ವ್ಯತ್ಯಾಸ 6 ಅಥವಾ 60 ಬಂದರೆ 1 ಮತ್ತು 7ರ ಗೊಂದಲವನ್ನು ಶಂಕಿಸಬೇಕು. 9ರಿಂದ ಭಾಗವಾಗುವ ವ್ಯತ್ಯಾಸ ಬಂದರೆ 67 ಹೋಗಿ 76 ಆದಂತೆ ಅಂಕಿಗಳು ಹಿಂದುಮುಂದಾಗಿರಬಹುದು, ಇಲ್ಲವೇ 90 ಎಂಬುದು ಸೊನ್ನೆ ಕಳೆದುಕೊಂಡು ಬರೀ 9 ಆಗಿರಬಹುದು. ಇನ್ನು 80ರ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ O ಅಕ್ಷರ ಬಂದಿದ್ದರೆ ಎಕ್ಸೆಲ್ ಅದನ್ನು ಪಠ್ಯವೆಂದು ತಿಳಿದು ಕೂಡುವುದೇ ಇಲ್ಲ. ಅಂಥ ಅಂಕ ಮನೆಯ ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಎರಡನೆಯ ಸೂತ್ರ 6ರ ಬದಲು 5 ತೋರಿಸುತ್ತದೆ.

ಇಷ್ಟನ್ನು ಬಹಳ ಮಂದಿ ಮಾಡುತ್ತಾರೆ. ನಿಜವಾದ ಅಪಾಯ ಖಾಲಿ ಮನೆಯಲ್ಲಿದೆ.

ಒಬ್ಬ ವಿದ್ಯಾರ್ಥಿ ತೃತೀಯ ಭಾಷೆಯ ಪರೀಕ್ಷೆಗೆ ಗೈರಾಗಿದ್ದಾನೆ, ಕೋಷ್ಟಕ ಮಾಡಿದವರು ಅಲ್ಲಿ ಏನನ್ನೂ ಬರೆಯದೆ ಬಿಟ್ಟಿದ್ದಾರೆ. ಅವನ ಸಾಲು ಹೀಗಿದೆ: 98, 71, ಖಾಲಿ, 42, 63, 57, ಒಟ್ಟು 331. ಚಿತ್ರ ಓದುವ ತಂತ್ರಾಂಶ ಖಾಲಿ ಮನೆಯನ್ನು ಗುರುತಿಸದೆ ಹೋದರೆ ಅದರ ಬಲಕ್ಕಿದ್ದ ಎಲ್ಲವೂ ಒಂದು ಮನೆ ಎಡಕ್ಕೆ ಜರುಗುತ್ತವೆ, 331 ಎಂಬುದು ಸಮಾಜ ವಿಜ್ಞಾನದ ಕೆಳಗೆ ಬರುತ್ತದೆ. ತಾನು ಅನುಮಾನಪಟ್ಟ ಮನೆಗಳನ್ನು ತಂತ್ರಾಂಶ ಬಣ್ಣ ಹಾಕಿ ತೋರಿಸುತ್ತದೆ, ನಿಜ. ಆದರೆ ಇಲ್ಲಿ ಪ್ರತಿಯೊಂದು ಸಂಖ್ಯೆಯನ್ನೂ ಅದು ಸರಿಯಾಗಿಯೇ ಓದಿರುವುದರಿಂದ ಅದಕ್ಕೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ನೂರಕ್ಕೆ 331 ಇರಲಾರದು ಎಂದು ಕಂಡ ಮನುಷ್ಯ ಆ ಒಂದನ್ನು ಮಾತ್ರ ಬಲಕ್ಕೆ ಎಳೆದು ಒಟ್ಟು ಅಂಕದ ಮನೆಗೆ ಸೇರಿಸುತ್ತಾನೆ. ಆಮೇಲೆ ಸಮಾಜ ವಿಜ್ಞಾನ ಖಾಲಿ ಕಂಡಿತೆಂದು, ಹುಡುಗ ಗೈರಾಗಿದ್ದಾನೆಂದು ತಿಳಿದು ಅಲ್ಲಿ AB ಎಂದು ತುಂಬುತ್ತಾನೆ. ಈಗ ಮೊತ್ತ 331, ವ್ಯತ್ಯಾಸ ಸೊನ್ನೆ, ಮನೆಗಳ ಎಣಿಕೆ 6. ಎರಡೂ ಪರೀಕ್ಷೆಗಳು ಪಾಸ್. ಹುಡುಗನ ಗಣಿತ ಮಾತ್ರ 42ರಿಂದ 63ಕ್ಕೆ ಏರಿದೆ, ಗಣಿತದ ವಿಶೇಷ ತರಗತಿಗೆ ಆರಿಸುವ ಪಟ್ಟಿಯಿಂದ ಅವನ ಹೆಸರು ಬಿಟ್ಟುಹೋಗುತ್ತದೆ. ಪಬ್ಲಿಕ್ ಪರೀಕ್ಷೆಗೆ ಉಳಿದಿರುವ ಕೆಲವೇ ವಾರಗಳಲ್ಲಿ ಆ ತರಗತಿ ತಪ್ಪುವುದು ಅವನಿಗೆ ಸಣ್ಣ ನಷ್ಟವಲ್ಲ. ನನ್ನನ್ನು ಕಾಡುವುದು ಇದೇ.

ಸಾಲಿನ ಮೊತ್ತಕ್ಕೆ ಅಂಕಗಳ ಕ್ರಮ ಗೊತ್ತಿರುವುದಿಲ್ಲವಾದ್ದರಿಂದ ಈ ತಪ್ಪನ್ನು ಅದರಿಂದ ಎಂದಿಗೂ ಹಿಡಿಯಲಾಗದು. ಹಿಡಿಯಬೇಕಾದರೆ ಮೇಲಿನಿಂದ ಕೆಳಕ್ಕೆ ಕೂಡಬೇಕು. 38 ಮಕ್ಕಳ ತರಗತಿಯಾದರೆ ಪ್ರತಿ ವಿಷಯದ ಅಂಕಣದ ಕೆಳಗೆ ಹೀಗೆ ಬರೆಯಬಹುದು:

```
=SUM(F2:F39)
=COUNT(F2:F39)
```

ಸ್ಕ್ರೀನ್‌ಶಾಟಿನಲ್ಲಿ ಅಂಕಣದ ಮೊತ್ತ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ವಿಷಯ ಶಿಕ್ಷಕರ ಬಳಿ ಅವರು ಉತ್ತರ ಪತ್ರಿಕೆ ನೋಡಿ ಬರೆದುಕೊಂಡ ಪಟ್ಟಿ ಇರುತ್ತದೆ. "ಸರ್, ಗಣಿತಕ್ಕೆ ಹಾಜರಾದವರು ಎಷ್ಟು, ಎಲ್ಲರ ಅಂಕ ಕೂಡಿದರೆ ಎಷ್ಟು?" ಎಂದು ಒಂದು ಫೋನ್ ಮಾಡಿದರೆ ಸಾಕು. ಅವರು 2097 ಎಂದು ಹೇಳಿ ನಮ್ಮ ಹಾಳೆ 2118 ತೋರಿಸಿದರೆ 21ರ ವ್ಯತ್ಯಾಸ ಎದ್ದು ಕಾಣುತ್ತದೆ, ಅದು 63 ಮತ್ತು 42ರ ನಡುವಿನ ಅಂತರವೇ. ಹಾಜರಾತಿಯ ಎಣಿಕೆಯೂ ಮಾತಾಡುತ್ತದೆ: ತೃತೀಯ ಭಾಷೆಯಲ್ಲಿ ಒಬ್ಬರು ಹೆಚ್ಚು, ಸಮಾಜ ವಿಜ್ಞಾನದಲ್ಲಿ ಒಬ್ಬರು ಕಡಿಮೆ. ಕರೆಂಟು, ನೆಟ್‌ವರ್ಕ್ ಎರಡೂ ಆಗಾಗ ಕೈಕೊಡುವ ನಮ್ಮ ಊರುಗಳಲ್ಲಿ ಶಿಕ್ಷಕರು ಫೋನಿಗೆ ಸಿಗದಿದ್ದರೆ, ಇಬ್ಬರು ಕುಳಿತು ಒಬ್ಬರು ಚಿತ್ರದಿಂದ ಒಂದೊಂದೇ ವಿಷಯವನ್ನು ಮೇಲಿನಿಂದ ಕೆಳಕ್ಕೆ ಓದುವುದು, ಇನ್ನೊಬ್ಬರು ಹಾಳೆಯಲ್ಲಿ ಗುರುತು ಹಾಕುವುದು ಉಳಿದ ದಾರಿ. ಅಡ್ಡಡ್ಡ ಓದಿದರೆ ಜರುಗಿದ ಸಾಲೂ ಕಿವಿಗೆ ಸರಿಯಾಗಿಯೇ ಕೇಳುತ್ತದೆ.

ಕೆಲವೊಮ್ಮೆ ಚಿತ್ರದಲ್ಲಿರುವ ಒಟ್ಟು ಅಂಕವೇ ತಪ್ಪಾಗಿರುತ್ತದೆ, ಕೋಷ್ಟಕ ಮಾಡಿದವರು ಕೂಡುವಾಗ ಎಡವಿರುತ್ತಾರೆ. ಆಗ ಮೊತ್ತಕ್ಕೆ ಹೊಂದಿಸಲೆಂದು ಯಾವ ಅಂಕವನ್ನೂ ತಿದ್ದಬಾರದು, ಒಟ್ಟು ಅಂಕವನ್ನೂ ನಾವೇ ಬದಲಿಸಬಾರದು. ಕಂಡದ್ದನ್ನು ಕಂಡಂತೆ ಬಿಟ್ಟು, ಕೊನೆಯಲ್ಲಿ ಒಂದು ಷರಾ ಅಂಕಣ ಮಾಡಿ, "ಚಿತ್ರದಲ್ಲಿ 412, ಕೂಡಿದರೆ 402" ಎಂದು ಬರೆದು ಶಾಲೆಗೆ ಮರಳಿಸಬೇಕು. ಉತ್ತರ ಪತ್ರಿಕೆಗಳು ಅವರ ಬಳಿ ಇವೆ, ತಿದ್ದುವ ಅಧಿಕಾರವೂ ಅವರದೇ.