ಕಪ್ಪು-ಬಿಳುಪು ಕುಟುಂಬದ ಫೋಟೋಗೆ ಬಣ್ಣ: ಮುಖ ಗೊಂಬೆಯಾಗದಿರಬೇಕಾದರೆ

ಬಣ್ಣ ತುಂಬಿದ ಹಳೆಯ ಕುಟುಂಬದ ಫೋಟೋಗಳನ್ನು ಗಮನವಿಟ್ಟು ನೋಡಿ. ಕುರ್ಚಿ, ನೆಲ, ಹಿಂದಿನ ಪರದೆ ಎಲ್ಲವನ್ನೂ ಕಣ್ಣು ಒಪ್ಪುತ್ತದೆ, ಮುಖವನ್ನು ಮಾತ್ರ ಒಪ್ಪುವುದಿಲ್ಲ. ಅಜ್ಜನಿಂದ ಮಗುವಿನ ತನಕ ಎಲ್ಲರಿಗೂ ಒಂದೇ ಡಬ್ಬಿಯಿಂದ ಬಳಿದ ಹಾಗಿರುತ್ತದೆ. ಆರಿಸಿದ ಬಣ್ಣ ಸರಿ ಇಲ್ಲ ಅಂದುಕೊಂಡು ಜನ ಅದನ್ನೇ ಮತ್ತೆ ಮತ್ತೆ ಬದಲಿಸುತ್ತಾರೆ. ನನ್ನ ಪ್ರಕಾರ ತಪ್ಪು ಬಣ್ಣದ ಆಯ್ಕೆಯಲ್ಲಿಲ್ಲ. ಹಣೆಯ ಹೊಳಪಿನಿಂದ ಗಲ್ಲದ ಕೆಳಗಿನ ನೆರಳಿನವರೆಗೂ ಒಂದೇ ಬಣ್ಣವನ್ನು ಎಳೆದಿರುವುದರಲ್ಲಿದೆ.

ಹೀಗಾಗುವುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಎಲ್ಲರೂ ಹೊಸ ಲೇಯರ್ ತೆಗೆದು, ಅದರ ಮೋಡ್ ಅನ್ನು Color ಎಂದು ಇಟ್ಟು, ಬ್ರಷ್‌ನಿಂದ ಚರ್ಮದ ಬಣ್ಣ ಬಳಿಯುತ್ತಾರೆ. ಈ ಮೋಡ್ ಕೆಳಗಿನ ಚಿತ್ರದ ಬೆಳಕು-ನೆರಳನ್ನು ಹಾಗೇ ಉಳಿಸಿ ಬಣ್ಣವನ್ನಷ್ಟೇ ಸೇರಿಸುತ್ತದೆ, ಅದೂ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ. ನಿಜವಾದ ಚರ್ಮ ಹಾಗಲ್ಲ. ಹಣೆಯ ಮೇಲಿನ, ಮೂಗಿನ ತುದಿಯ ಹೊಳಪು ಚರ್ಮದ ಬಣ್ಣವೇ ಅಲ್ಲ, ಅದು ದೀಪದ ಅಥವಾ ಕಿಟಕಿಯ ಬೆಳಕಿನ ಪ್ರತಿಫಲನ. ಅಲ್ಲಿ ಬಣ್ಣ ತೆಳುವಾಗಿರಬೇಕು. ನೆರಳಿನ ಕಡೆ ಹೋದಂತೆ ಚರ್ಮ ಗಾಢವಾಗುತ್ತದೆ, ಸ್ವಲ್ಪ ಕೆಂಪಿಗೂ ತಿರುಗುತ್ತದೆ. ಹೊಳಪಿಗೂ ಅಷ್ಟೇ ಬಣ್ಣ ಬಳಿದರೆ ಅದು ಮೇಣದಂತೆ ಕಾಣುತ್ತದೆ.

ಆದ್ದರಿಂದ ಚರ್ಮಕ್ಕೆ ಬ್ರಷ್‌ನ ಬದಲು, ನೆರಳಿಗೂ ಹೊಳಪಿಗೂ ಬೇರೆ ಬೇರೆ ಪ್ರಮಾಣದಲ್ಲಿ ಬಣ್ಣ ಕೊಡಬಲ್ಲ Curves ಲೇಯರ್ ಬಳಸುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಫೋಟೋಶಾಪ್‌ನಲ್ಲಿ ಅದು ಅಡ್ಜಸ್ಟ್‌ಮೆಂಟ್ ಲೇಯರ್ ಆಗಿಯೇ ಸಿಗುತ್ತದೆ. ಗಿಂಪ್‌ನಲ್ಲಾದರೆ ಚಿತ್ರದ ಲೇಯರನ್ನು ನಕಲು ಮಾಡಿ, ಅದಕ್ಕೆ Curves ಹಾಕಿ, ಕಪ್ಪು ಮಾಸ್ಕ್ ಕೊಟ್ಟು, ಮುಖ ಇರುವಲ್ಲಿ ಮಾತ್ರ ಬಿಳಿ ಬಳಿದರೂ ಅದೇ ಕೆಲಸ ಆಗುತ್ತದೆ. ಆದರೆ ಅದಕ್ಕೂ ಮೊದಲು ಎರಡು ವಿಷಯ ಸರಿಯಾಗಬೇಕು.

ಮೊದಲನೆಯದು ಸ್ಕ್ಯಾನ್. ಫೋಟೋ ಕಪ್ಪು-ಬಿಳುಪೇ ಆದರೂ ಕಲರ್ ಮೋಡ್‌ನಲ್ಲಿ, 600 ಡಿಪಿಐ, ಪ್ರತಿ ಚಾನೆಲ್‌ಗೆ 16 ಬಿಟ್ ಇಟ್ಟು ಸ್ಕ್ಯಾನ್ ಮಾಡಿ. ಹಳೆಯ ಕಾಗದದ ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುಪಾಲು ಮಾಯವಾಗಿರುತ್ತದೆ. ಹಾಗಾಗಿ ಕೆಂಪು ಚಾನೆಲನ್ನೇ ಕಪ್ಪು-ಬಿಳುಪು ಚಿತ್ರವಾಗಿ ತೆಗೆದುಕೊಂಡರೆ ಕಲೆ ತೆಗೆಯುವ ಅರ್ಧ ಕೆಲಸ ಮುಗಿದಂತೆ. ಬಿರುಕು, ಧೂಳು ಎಲ್ಲವನ್ನೂ ಬಣ್ಣಕ್ಕೆ ಮುಂಚೆಯೇ ತೆಗೆಯಬೇಕು. ಚರ್ಮದ ಬಣ್ಣ ಹತ್ತಿದ ಬಿರುಕು ಮುಖದ ಮೇಲಿನ ಗಾಯದಂತೆ ಕಾಣುತ್ತದೆ.

ಎರಡನೆಯದು ಫಿಲ್ಮಿನ ಜಾತಿ. ಇದನ್ನು ಬಹಳ ಜನ ಕೇಳುವುದೇ ಇಲ್ಲ. 1930ಕ್ಕಿಂತ ಮುಂಚಿನ ಚಿತ್ರಗಳಲ್ಲಿ ಆರ್ಥೋಕ್ರೋಮ್ಯಾಟಿಕ್ ಪ್ಲೇಟು, ಫಿಲ್ಮುಗಳು ಸಾಮಾನ್ಯ. ಅವು ನೀಲಿ, ಹಸಿರು ಬೆಳಕನ್ನು ಹಿಡಿಯುತ್ತವೆ, ಕೆಂಪನ್ನು ಹಿಡಿಯುವುದಿಲ್ಲ. ಆದ್ದರಿಂದ ಕೆಂಪು ಬಟ್ಟೆ ಕಪ್ಪಾಗಿಯೂ, ನೀಲಿ ಬಟ್ಟೆ ಬಿಳಿಚಿಕೊಂಡೂ ಬರುತ್ತದೆ. ಚರ್ಮ ಇದ್ದದ್ದಕ್ಕಿಂತ ಕಪ್ಪಾಗಿ, ಮಚ್ಚೆಗಳು ಎದ್ದು ಕಾಣುವಂತೆ ಮೂಡುತ್ತದೆ. ಗುರುತು ಹಿಡಿಯಲು ತುಟಿ ನೋಡಿ. ಬಣ್ಣ ಹಚ್ಚದ ಗಂಡಸರ, ಮಕ್ಕಳ ತುಟಿ ಕೂಡ ಕೆನ್ನೆಗಿಂತ ತೀರಾ ಕಪ್ಪಾಗಿದ್ದರೆ ಈ ಜಾತಿಯ ಫಿಲ್ಮು ಎಂದು ಅನುಮಾನಿಸಬಹುದು. ಆಮೇಲೆ ಬಳಕೆಗೆ ಬಂದ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮು ಕೆಂಪನ್ನೂ ಹಿಡಿಯುತ್ತದೆ, ಅದರಲ್ಲಿ ತುಟಿ ಮತ್ತು ಕೆನ್ನೆಯ ಬೂದು ಹತ್ತಿರ ಹತ್ತಿರ ಇರುತ್ತದೆ. ಆರ್ಥೋ ಎಂದು ಅನಿಸಿದರೆ ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ಮುಖ ಮತ್ತು ಕೈಗಳ ಬೂದನ್ನು 15ರಿಂದ 20 ಅಂಕದಷ್ಟು ಮೇಲೆತ್ತಿ, ತುಟಿಯನ್ನು ಇನ್ನೂ ಸ್ವಲ್ಪ ಎತ್ತಿ, ಆಮೇಲೆ ಬಣ್ಣಕ್ಕೆ ಇಳಿಯಿರಿ. ಹಾಗೆ ಮಾಡದೆ ಬಣ್ಣ ಹಾಕಿದರೆ ಎಲ್ಲರೂ ಬಿಸಿಲಲ್ಲಿ ಬೆಂದವರಂತೆ ಕಾಣುತ್ತಾರೆ.

ಈಗ ಒಂದು ಚಿತ್ರ ಇಟ್ಟುಕೊಂಡು ನೋಡೋಣ. ಸ್ಟುಡಿಯೋದಲ್ಲಿ ತೆಗೆದ, ಪ್ಯಾನ್‌ಕ್ರೋಮ್ಯಾಟಿಕ್ ಕಾಲದ ಫೋಟೋ. ಕುರ್ಚಿಯಲ್ಲಿ ಕಪ್ಪು ಕೋಟಿನ ಹಿರಿಯರು, ಪಕ್ಕದಲ್ಲಿ ಅಂಚಿರುವ ಶಾಲು ಹೊದ್ದ ಹೆಂಗಸು, ಹಿಂದೆ ಬಿಳಿ ಅಂಗಿಯ ಯುವಕ, ಮುಂದೆ ತಿಳಿ ಫ್ರಾಕಿನ ಹುಡುಗಿ. ಹಿರಿಯರ ಮುಖದಲ್ಲಿ ಮೂರು ಕಡೆ ಬೂದನ್ನು ಅಳೆದರೆ ಗಲ್ಲದ ಕೆಳಗಿನ ನೆರಳು 70, ಕೆನ್ನೆ 131, ಹಣೆಯ ಹೊಳಪು 205 ಬಂತು ಅಂದುಕೊಳ್ಳಿ. ನಡುಗಂದು ಚರ್ಮಕ್ಕೆ Curves ಹೀಗೆ ಕೂರಿಸಬಹುದು:

ಕೆಂಪು ಚಾನೆಲ್: 70 ಇದ್ದದ್ದು 98, 131 ಇದ್ದದ್ದು 165, 205 ಇದ್ದದ್ದು 226.
ಹಸಿರು ಚಾನೆಲ್: 70 ಇದ್ದದ್ದು 60, 131 ಇದ್ದದ್ದು 120, 205 ಇದ್ದದ್ದು 199.
ನೀಲಿ ಚಾನೆಲ್: 70 ಇದ್ದದ್ದು 45, 131 ಇದ್ದದ್ದು 98, 205 ಇದ್ದದ್ದು 181.

ಈ ಅಂಕಿಗಳಿಗೆ ಲೆಕ್ಕವಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪಿನ ಪಾಲು ಸುಮಾರು 0.30, ಹಸಿರಿನದು 0.59, ನೀಲಿಯದು 0.11. ಮೇಲಿನ ಮೂರೂ ಜಾಗಗಳಲ್ಲಿ ಆ ಪ್ರಕಾರ ಕೂಡಿಸಿ ನೋಡಿದರೆ ಮತ್ತೆ 70, 131, 205ರ ಹತ್ತಿರಕ್ಕೇ ಬರುತ್ತದೆ. ಅಂದರೆ ಛಾಯಾಗ್ರಾಹಕ ಇಟ್ಟ ಬೆಳಕು ಕೆಡಲಿಲ್ಲ. ಬಣ್ಣದ ಸಾಂದ್ರತೆ ಮಾತ್ರ ನೆರಳಲ್ಲಿ ಸುಮಾರು ಶೇ. 54, ಕೆನ್ನೆಯಲ್ಲಿ ಶೇ. 41, ಹೊಳಪಲ್ಲಿ ಶೇ. 20 ಆಯಿತು. ಬ್ರಷ್ ಹಿಡಿದು ಇದನ್ನು ಸಾಧಿಸಲು ಅರ್ಧ ದಿನ ಬೇಕು. ಉಳಿದ ಮೂವರಿಗೂ ಇದೇ ಲೇಯರನ್ನು ನಕಲು ಮಾಡಿ, ಒಬ್ಬೊಬ್ಬರಿಗೂ ಬೇರೆ ಮಾಸ್ಕ್ ಕೊಟ್ಟು, ಕೆಂಪನ್ನೋ ನೀಲಿಯನ್ನೋ 4-5 ಅಂಕ ಸರಿಸಿ. ಒಂದೇ ಮನೆಯವರಾದರೂ ಚರ್ಮ ಒಂದೇ ಆಗಿರುವುದಿಲ್ಲ.

ಇದರ ಮೇಲೆ ಮುಖದ ಸೂಕ್ಷ್ಮಗಳು ಬರುತ್ತವೆ, ಇಲ್ಲಿ Color ಮೋಡ್‌ನ ಬ್ರಷ್ ಸರಿಯಾದ ಸಾಧನ. ಕೆನ್ನೆ, ಮೂಗಿನ ತುದಿ, ಕಿವಿ ಮತ್ತು ಬೆರಳ ಗೆಣ್ಣುಗಳಿಗೆ ಮೃದು ಅಂಚಿನ ಬ್ರಷ್‌ನಿಂದ ಕೆಂಪು, ಅದೂ ಶೇ. 10ರಿಂದ 15ರ ಓಪಾಸಿಟಿಯಲ್ಲಿ ಮಾತ್ರ. ಕ್ಷೌರ ಮಾಡಿದ ಗಂಡಸರ ದವಡೆಗೆ ಹಸಿರು ಬೆರೆತ ಬೂದು ಶೇ. 8ರಷ್ಟು ಸಾಕು. ಕಣ್ಣಿನ ಕೆಳಗೆ ತುಸು ನೇರಳೆಗಂದು. ಕಣ್ಣಿನ ಬಿಳಿಯನ್ನು ಬಿಳಿ ಮಾಡಲು ಹೋಗಬೇಡಿ, ಚರ್ಮದ ಬಣ್ಣವನ್ನು ಅಲ್ಲಿಂದ ಅಳಿಸಿ ಬೂದಾಗಿ ಬಿಟ್ಟು ಒಳಮೂಲೆಗೆ ಗುಲಾಬಿಯ ಒಂದು ಚುಕ್ಕೆ ಇಡಿ. ಹಲ್ಲಿಗೆ ಕಂಡೂ ಕಾಣದಷ್ಟು ಹಳದಿ. ತುಟಿಗೆ ಚರ್ಮದ ಬಣ್ಣವನ್ನೇ ಕೆಂಪಿಗೆ ತಿರುಗಿಸಿದರೆ ಸಾಕು, ಅಂಚು ಗೆರೆ ಕೊರೆದಂತೆ ಇರಬಾರದು. ಹಣೆಯಂಚಿನಲ್ಲಿ ಚರ್ಮದ ಮಾಸ್ಕ್ ಕೂದಲಿನೊಳಕ್ಕೆ ನಿಧಾನವಾಗಿ ಕರಗಬೇಕು, ಬೈತಲೆಯಲ್ಲಿ ಚರ್ಮದ ಬಣ್ಣ ಇಣುಕಬೇಕು. ಬೂದು ಬೈತಲೆ ಇದ್ದರೆ ಕೂದಲು ಟೋಪಿಯಂತೆ ಕಾಣುತ್ತದೆ.

ಇನ್ನು ಬಟ್ಟೆ. ಬಟ್ಟೆಯ ಬಣ್ಣ ಯಾವುದೆಂದು ಬೂದು ಹೇಳುವುದಿಲ್ಲ, ಯಾವ ಬಣ್ಣ ಸಾಧ್ಯವಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಹಿರಿಯರ ಕೋಟಿನ ಬೂದು 45 ಎನ್ನಿ. ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ಅದು 52, 43, 34ರ ಕಂದೂ ಆಗಬಹುದು, 36, 44, 66ರ ಕಡುನೀಲಿಯೂ ಆಗಬಹುದು. ಎರಡರ ಬೂದೂ ಹೆಚ್ಚುಕಡಿಮೆ ಒಂದೇ. ಆದರೆ ಹಳದಿ ಖಂಡಿತ ಅಲ್ಲ. ಅಪ್ಪಟ ಹಳದಿಯ ಬೂದು 226ರ ಹತ್ತಿರ, ಅದನ್ನು 45ಕ್ಕೆ ಇಳಿಸಿದರೆ ಕೊಳಕು ಹಸಿರು-ಕಂದು ಸಿಗುತ್ತದೆ. ಹಾಗೆಯೇ ಹುಡುಗಿಯ ಫ್ರಾಕಿನ ಬೂದು 190 ಇದ್ದರೆ ಅದನ್ನು ಕಡುಗೆಂಪು ಮಾಡಲಾಗದು, ಎಷ್ಟು ಬಳಿದರೂ ಗುಲಾಬಿಯಲ್ಲೇ ನಿಲ್ಲುತ್ತದೆ. ಬೇಕಾದ ಬಣ್ಣ ಬರಲಿಲ್ಲವೆಂದು ಕೆಳಗಿನ ಚಿತ್ರವನ್ನೇ ಕಪ್ಪು ಮಾಡುವವರಿದ್ದಾರೆ. ಅದು ಬಟ್ಟೆಯನ್ನು ಬದಲಿಸಿದಂತೆ, ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಆ ಬಟ್ಟೆಯೇ ಉಳಿದಿದ್ದರೆ, ಕಂಡವರ ನೆನಪಿದ್ದರೆ ಅದೇ ಆಧಾರ. ಏನೂ ಇಲ್ಲದಿದ್ದರೆ ಸಾಂದ್ರತೆ ಕಡಿಮೆ ಇರುವ ಬಣ್ಣವನ್ನೇ ಆರಿಸಿ, ಊಹೆ ತಪ್ಪಾದರೂ ಕಣ್ಣಿಗೆ ಚುಚ್ಚುವುದಿಲ್ಲ.

ಬಿಳಿ ಅಂಗಿಯನ್ನು ಸುಮ್ಮನೆ ಬಿಟ್ಟರೆ ಬಣ್ಣದ ಚಿತ್ರದೊಳಗೆ ಬೂದು ತುಂಡೊಂದು ಅಂಟಿಸಿದಂತೆ ಇರುತ್ತದೆ. ಕಿಟಕಿ ಬೆಳಕಾದರೆ ಮಡಿಕೆಗಳ ನೆರಳಿಗೆ ತಣ್ಣನೆ ನೀಲಿ ಶೇ. 5ರಷ್ಟು, ಕಾಲರ್ ಕುತ್ತಿಗೆಗೆ ತಾಗುವಲ್ಲಿ ಚರ್ಮದ ಬಣ್ಣದ ಛಾಯೆ. ಬಟ್ಟೆಯ ಬಣ್ಣವೂ ಮೇಲೆ ಹೊಮ್ಮುತ್ತದೆ. ಫ್ರಾಕ್ ಗುಲಾಬಿಯಾದರೆ ಹುಡುಗಿಯ ಗಲ್ಲದ ಅಡಿಯಲ್ಲಿ ಅದರ ಸುಳಿವು ಇರಲೇಬೇಕು.

ಶಾಲಿನ ಅಂಚು ಜರಿಯದೋ ನೂಲಿನದೋ ಎಂದು ಬೂದೇ ಹೇಳುತ್ತದೆ. ಲೋಹದ ಎಳೆಯಾದರೆ ಕೆಲವೇ ಪಿಕ್ಸೆಲ್‌ಗಳೊಳಗೆ ಬೂದು 70ರಿಂದ 200ಕ್ಕೆ ಜಿಗಿಯುತ್ತದೆ, ನೂಲಾದರೆ ನಿಧಾನವಾಗಿ ಏರುತ್ತದೆ. ಲೋಹದ ನಿಯಮ ಚರ್ಮಕ್ಕೆ ವಿರುದ್ಧ. ಚಿನ್ನದ ಬಣ್ಣದ ಲೋಹದ ಹೊಳಪಿನಲ್ಲಿ ಲೋಹದ ಬಣ್ಣವೇ ಇರುತ್ತದೆ. 200ರ ಹೊಳಪಿಗೆ 232, 196, 130 ಕೊಡಿ, 70ರ ನೆರಳಿಗೆ 92, 64, 36. ಎಲ್ಲಕ್ಕೂ ಒಂದೇ ಹಳದಿ ಬಳಿದರೆ ಜರಿ ಅರಿಶಿನದ ಗೆರೆಯಾಗುತ್ತದೆ. ಒಡವೆಗಳಿಗೂ ಇದೇ ಮಾತು.

ಮಾಸ್ಕ್‌ಗಳ ಅಂಚು ಚಿತ್ರದ ಅಂಚಿನಷ್ಟೇ ಮೃದುವಾಗಿರಲಿ. ಚಿತ್ರ ಚುರುಕಾಗಿರುವಲ್ಲಿ 1-2 ಪಿಕ್ಸೆಲ್, ಕೂದಲ ಬಳಿ 5-6. ಹಿಂದಿನ ಪರದೆಗೆ ಅತಿ ತೆಳು ಕಂದು ಸಾಕು, ಸ್ಟುಡಿಯೋ ಪರದೆಗಳನ್ನು ಸಾಮಾನ್ಯವಾಗಿ ಬೂದುಗಂದಿನ ಛಾಯೆಗಳಲ್ಲೇ ಬರೆಯುತ್ತಿದ್ದರು.

ಮುಗಿಯಿತು ಅನಿಸಿದಾಗ ಎರಡು ಪರೀಕ್ಷೆ ಮಾಡಿ. ಎಲ್ಲದರ ಮೇಲೆ Hue/Saturation ಲೇಯರ್ ಹಾಕಿ Saturation ಅನ್ನು +60ಕ್ಕೆ ಏರಿಸಿ. ಬೆರಳ ಸಂದು, ಕಿವಿಯ ಹಿಂಬದಿ, ಮೂಗಿನ ಹೊಳ್ಳೆಯ ಪಕ್ಕ ಬಿಟ್ಟುಹೋದ ಬೂದು ಕಲೆಗಳು, ಅಂಚು ದಾಟಿದ ಬಣ್ಣ ಎಲ್ಲ ತಾವೇ ಎದ್ದು ನಿಲ್ಲುತ್ತವೆ. ಮುಖದಲ್ಲಿ ಒಂದೇ ಕಿತ್ತಳೆ ಕಂಡರೆ ಸೂಕ್ಷ್ಮಗಳ ಕೆಲಸ ಬಾಕಿ ಇದೆ ಎಂದರ್ಥ. ಆ Hue/Saturation ಲೇಯರನ್ನು ಅಳಿಸಿ, ಈಗ ಮೇಲೆ ಬೂದು ತುಂಬಿದ ಲೇಯರ್ ಇಟ್ಟು ಮೋಡ್ ಅನ್ನು Color ಮಾಡಿ. ಬಣ್ಣ ಹೋಗಿ ಬೆಳಕಷ್ಟೇ ಉಳಿಯುತ್ತದೆ. ಅದನ್ನು ಶುಚಿ ಮಾಡಿದ ಮೂಲ ಚಿತ್ರದ ಪಕ್ಕ ಇಟ್ಟು ನೋಡಿ. ಆರ್ಥೋ ಚಿತ್ರದಲ್ಲಿ ನೀವೇ ಎತ್ತಿದ ಮುಖ, ಕೈ ಬಿಟ್ಟರೆ ಬೇರೆಲ್ಲಾದರೂ ಬೆಳಕು ಬದಲಾಗಿದ್ದರೆ ಆ ಭಾಗದ Curves ಅನ್ನು ಮತ್ತೆ ತಿದ್ದಬೇಕು.

ಲೇಯರ್‌ಗಳನ್ನು ಒಂದಾಗಿಸದೆ ಉಳಿಸಿ, ಊಹೆಯ ಬಟ್ಟೆಗಳ ಲೇಯರಿಗೆ "ಕೋಟು – ಊಹೆ", "ಫ್ರಾಕು – ಊಹೆ" ಎಂದು ಹೆಸರಿಡಿ. ಮುಂದೊಂದು ದಿನ ಮನೆಯವರಲ್ಲಿ ಯಾರಾದರೂ ಪೆಟ್ಟಿಗೆಯಿಂದ ಆ ಕೋಟನ್ನೇ ತೆಗೆದು ತಂದರೆ, ಅದೊಂದೇ ಲೇಯರ್ ಬದಲಿಸಿದರೆ ಸಾಕು.