ಅಕ್ಷರ ದಪ್ಪವಾದ ಮಾತ್ರಕ್ಕೆ ಅದು ಹಿರಿಯರ ಆ್ಯಪ್ ಆಗುವುದಿಲ್ಲ

ನಿನ್ನೆ ತಿಪಟೂರಿನಲ್ಲಿ ನಮ್ಮ ಸೋದರಮಾವನ ಪಕ್ಕದಲ್ಲಿ ಕುಳಿತು, ಅವರ ಬ್ಯಾಂಕಿನ ಆ್ಯಪ್‌ನಲ್ಲಿ ಹೊಸದಾಗಿ ಬಂದಿರುವ ‘ಹಿರಿಯರ ಮೋಡ್’ ಎಂಬ ಮಹೋಪಕಾರವನ್ನು ಕಣ್ಣಾರೆ ಕಂಡೆ. ಬ್ಯಾಂಕ್ ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ. ಆ್ಯಪ್ ವಿನ್ಯಾಸವೇ ನನ್ನ ಹೊಟ್ಟೆಪಾಡು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ನನ್ನ ಸಿಟ್ಟಿಗೆ ಬೇರೆ ಪೀಠಿಕೆಯೂ ಬೇಕಾಗಿಲ್ಲ.

ಮಾವ ಕಾಯಿ ಕೀಳುವವನಿಗೆ 1,200 ರೂಪಾಯಿ ಕಳಿಸಬೇಕಿತ್ತು. ಮೋಡ್ ಆನ್ ಮಾಡಿದ ಕೂಡಲೇ ಅಕ್ಷರಗಳು ದಪ್ಪಗಾದವು, ಆದರೆ ಅವು ಕೂರುವ ಚೌಕಗಳ ಎತ್ತರ ಮಾತ್ರ ಹಳೆಯದೇ ಉಳಿಯಿತು. ಇಂಗ್ಲಿಷಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಮೊದಲು ಕತ್ತರಿ ಬೀಳುವುದು ಅವುಗಳಿಗೆ. ‘ಮೊತ್ತ’ ಎಂಬಲ್ಲಿ ಒತ್ತು ಹಾರಿಹೋಗಿ ‘ಮೊತ’ ಆಗಿತ್ತು, ‘ಟಿಪ್ಪಣಿ’ ಎಂಬುದು ‘ಟಿಪ...’ ಎಂದು ಮೂರು ಚುಕ್ಕೆಗಳಲ್ಲಿ ಮುಗಿದಿತ್ತು. ಮಾವ 1200 ಎಂಬುದನ್ನು ಟಿಪ್ಪಣಿಯ ಚೌಕದಲ್ಲಿ ಬರೆದರು. ಗುಂಡಿ ಒತ್ತಿದರು. ಪುಟದ ಬುಡದಲ್ಲಿ ಏನೋ ಸಂದೇಶ ಮಿಂಚಿ ಮಾಯವಾಯಿತು. ಅವರ ಕಣ್ಣು ಬೆರಳಿನ ಮೇಲಿತ್ತು.

“ಏನೋ ಬಂತು, ಹೋಯ್ತು ಕಣೇ,” ಎಂದರು.

ಹಾಗೆ ಬಂದು ಹೋದದ್ದಕ್ಕೆ ನಮ್ಮ ಕಸುಬಿನಲ್ಲಿ ಟೋಸ್ಟ್ ಎನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಎರಡೇ ಆಯುಷ್ಯ: ಚಿಕ್ಕದು 2 ಸೆಕೆಂಡ್, ದೊಡ್ಡದು ಮೂರೂವರೆ ಸೆಕೆಂಡ್. ಎಪ್ಪತ್ತಾರು ವರ್ಷದವರು ಬೆರಳಿನಿಂದ ಕಣ್ಣು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಸಾಲನ್ನು ಓದಲು ತೊಡಗುವಷ್ಟರಲ್ಲಿ ಅದರ ಆಯುಷ್ಯ ತೀರಿರುತ್ತದೆ. ತಪ್ಪಿನ ಸಂದೇಶ ತಪ್ಪಾದ ಚೌಕದ ಕೆಳಗೇ ಕಾಣಿಸಿ, ಅದು ಸರಿಯಾಗುವವರೆಗೂ ಅಲ್ಲೇ ಇರಬೇಕು. ಇದು ಯಾವ ಹೊಸ ಸಂಶೋಧನೆಯೂ ಅಲ್ಲ. ಮಾಡುವ ಮನಸ್ಸಿದ್ದರೆ ಅರ್ಧ ದಿನದ ಕೆಲಸ.

ನನ್ನ ತಕರಾರು ಒಂದೇ. ನಮ್ಮವರು ಹಳೆಯ ಪುಟವನ್ನೇ ಊದಿಸಿ ಅದಕ್ಕೆ ಹಿರಿಯರ ಹೆಸರಿಡುತ್ತಾರೆ. ಅಕ್ಷರ ಎರಡರಷ್ಟು ದೊಡ್ಡದಾದರೆ ಉದ್ದಕ್ಕೂ ಅಗಲಕ್ಕೂ ಬೆಳೆಯುತ್ತದೆ, ಆದ್ದರಿಂದ ಅದೇ ಬರಹಕ್ಕೆ ನಾಲ್ಕರಷ್ಟು ಜಾಗ ಬೇಕಾಗುತ್ತದೆ. ಫೋನಿನ ಪರದೆ ಮಾತ್ರ ಒಂದಂಗುಲವೂ ಬೆಳೆಯುವುದಿಲ್ಲ. ಎಂದಮೇಲೆ ಒಂದು ಪುಟದಲ್ಲಿದ್ದುದನ್ನು ನಾಲ್ಕು ಪುಟಗಳಿಗೆ ಹಂಚಲೇಬೇಕು, ಅಥವಾ ಅದರಲ್ಲಿ ಮುಕ್ಕಾಲು ಪಾಲನ್ನು ಕಿತ್ತೆಸೆಯಬೇಕು. ದೊಡ್ಡ ಅಕ್ಷರ ಮತ್ತು ಸರಳ ಹಂತಗಳು ಬೇರೆ ಬೇರೆ ಸೌಲಭ್ಯಗಳಲ್ಲ. ಮೊದಲನೆಯದನ್ನು ಪ್ರಾಮಾಣಿಕವಾಗಿ ಮಾಡಿದರೆ ಎರಡನೆಯದು ತಾನಾಗಿಯೇ ಹಿಂದೆ ಬರುತ್ತದೆ.

ಮಾವನ ಕೆಲಸವನ್ನೇ ತೆಗೆದುಕೊಳ್ಳಿ. ಮೊದಲ ಪುಟ: ‘ಯಾರಿಗೆ?’ ಹಿಂದೆ ಹಣ ಕಳಿಸಿದ ನಾಲ್ಕು ಜನರ ಹೆಸರು, ಕೆಳಗೆ ‘ಬೇರೆಯವರಿಗೆ’. ಎರಡನೆಯ ಪುಟ: ‘ಎಷ್ಟು?’ ಅಂಕಿಗಳು ಮಾತ್ರ, ಟಿಪ್ಪಣಿಯ ಗೊಡವೆಯೇ ಬೇಡ. ಮೂರನೆಯ ಪುಟದಲ್ಲಿ ಹೆಸರು, ಮೊತ್ತ, ‘ಕಳಿಸಿ’ ಮತ್ತು ‘ಬೇಡ’ ಎಂಬ ಎರಡು ಗುಂಡಿಗಳು, ಅವುಗಳ ನಡುವೆ ಧಾರಾಳವಾದ ಅಂತರ. ಆಂಡ್ರಾಯ್ಡ್‌ನ ಮಾರ್ಗಸೂಚಿ ಮುಟ್ಟುವ ಜಾಗಕ್ಕೆ ಕನಿಷ್ಠ `48dp`, ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ. ಕೈ ನಡುಗುವವರಿಗೆ ಅದೂ ಸಾಲದು, ನಾನು `60dp`ಗಿಂತ ಕಡಿಮೆ ಇಡುವುದಿಲ್ಲ. ಗುಂಡಿಯ ಎತ್ತರವನ್ನು ಒಂದು ಅಂಕಿಗೆ ಬಿಗಿಯದೆ `wrap_content` ಎಂದು ಬಿಟ್ಟು, `minHeight` ಮಾತ್ರ ಕೊಟ್ಟರೆ ಅಕ್ಷರ ಬೆಳೆದಂತೆ ಗುಂಡಿಯೂ ಬೆಳೆಯುತ್ತದೆ, ಒತ್ತಕ್ಷರವೂ ಬದುಕಿಕೊಳ್ಳುತ್ತದೆ.

ನಾಲ್ಕನೆಯದು ಯುಪಿಐ ಪಿನ್ ಪುಟ. ಇಲ್ಲಿ ಆ್ಯಪ್ ಮಾಡುವವರ ಕೈ ಕಟ್ಟಿದೆ, ಒಪ್ಪುತ್ತೇನೆ. ಆ ಪುಟವನ್ನು ಸುರಕ್ಷತೆಗಾಗಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಕೊಡುತ್ತದೆ, ಅದನ್ನು ನಮ್ಮಿಷ್ಟಕ್ಕೆ ತಿದ್ದುವಂತಿಲ್ಲ. ಆದರೆ ಅದು ತೆರೆಯುವ ಮೊದಲು, “ಮುಂದಿನ ಪುಟ ಬೇರೆ ಥರ ಕಾಣುತ್ತದೆ, ಗಾಬರಿಯಾಗಬೇಡಿ. ನಿಮ್ಮ ಪಿನ್ ಒತ್ತಿ, ಬಾಯಿಬಿಟ್ಟು ಹೇಳಬೇಡಿ,” ಎಂದು ಹೇಳುವುದನ್ನು ಯಾರೂ ತಡೆದಿಲ್ಲ.

ದನಿಯ ವಿಷಯಕ್ಕೆ ಬಂದರೆ ನನ್ನ ರಕ್ತದೊತ್ತಡ ಇನ್ನೂ ಸ್ವಲ್ಪ ಏರುತ್ತದೆ. ಈ ಮೋಡ್ ಮಾತನಾಡುತ್ತದೆ, ನಿಜ. ಪುಟದಲ್ಲಿರುವುದನ್ನೆಲ್ಲ, ಸಾಲದ ಜಾಹೀರಾತನ್ನೂ ಬಿಡದೆ, ಒಂದೇ ಉಸಿರಿನಲ್ಲಿ ಓದುತ್ತದೆ. 4071 ಎಂದು ಕೊನೆಯಾಗುವ ಖಾತೆಯನ್ನು “ನಾಲ್ಕು ಸಾವಿರದ ಎಪ್ಪತ್ತೊಂದು” ಎಂದಿತು. ಮಾವ ಅಷ್ಟು ದುಡ್ಡು ಹೊರಟೇಬಿಟ್ಟಿತೆಂದು ಬೆಚ್ಚಿದರು. ಮೊತ್ತವನ್ನು ಸಂಖ್ಯೆಯಾಗಿ ಓದಬೇಕು, ಖಾತೆಯನ್ನೂ ಓಟಿಪಿಯನ್ನೂ ಬಿಡಿಬಿಡಿಯಾಗಿ “ನಾಲ್ಕು, ಸೊನ್ನೆ, ಏಳು, ಒಂದು” ಎಂದು ಓದಬೇಕು. ಯಾವುದು ಯಾವುದೆಂದು ಯಂತ್ರಕ್ಕೆ ತಾನಾಗಿ ತಿಳಿಯದು, ನಾವು ಹೇಳಿಕೊಡಬೇಕು. ಇನ್ನು ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಸದ್ದುಗಳನ್ನು. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಅಲ್ಲಿಯೇ ಇರುವುದರಿಂದ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಬರೀ ವಾಲ್ಯೂಮ್ ಏರಿಸಿದರೆ ಸದ್ದೇ ಹೆಚ್ಚುತ್ತದೆ. ಮಾತು ನಿಧಾನವಾಗಿ, ವಾಕ್ಯ ಚಿಕ್ಕದಾಗಿ, ನಡುವೆ ಬಿಡುವು ಇರಬೇಕು. ಸದಾ ಬರುವ ಹತ್ತಿಪ್ಪತ್ತು ವಾಕ್ಯಗಳನ್ನು ಮನುಷ್ಯರ ದನಿಯಲ್ಲೇ ರೆಕಾರ್ಡ್ ಮಾಡಿ, ಹೆಸರು ಮತ್ತು ಅಂಕಿಗಳಿಗೆ ಮಾತ್ರ ಯಂತ್ರದ ದನಿ ಬಳಸುವುದು ನನ್ನ ಪದ್ಧತಿ. ಎಲ್ಲ ಫೋನಿನಲ್ಲೂ ಕನ್ನಡದ ದನಿ ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ಖಾತೆಯಲ್ಲಿ ಎಷ್ಟಿದೆ ಎಂಬುದನ್ನಂತೂ ಕೇಳದ ಹೊರತು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರಬಾರದು.

“ಟಾಕ್‌ಬ್ಯಾಕ್ ಇದೆಯಲ್ಲ, ಅದನ್ನೇ ಆನ್ ಮಾಡಿಕೊಳ್ಳಲಿ,” ಎನ್ನುವ ಜಾಣರು ಒಮ್ಮೆ ಆನ್ ಮಾಡಿ ನೋಡಬೇಕು. ಅದು ಕಣ್ಣು ಕಾಣದವರಿಗಾಗಿ ಮಾಡಿದ ಅಮೂಲ್ಯ ಸಾಧನ, ಆದರೆ ಅದರಲ್ಲಿ ಒಮ್ಮೆ ಮುಟ್ಟಿದರೆ ಓದುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು. ಅರೆಬರೆ ಕಾಣುವವರಿಗೆ ಫೋನೇ ಕೆಟ್ಟಿತೆನಿಸುತ್ತದೆ.

ಇನ್ನೊಂದು ವಾದ ನಮ್ಮ ಆಫೀಸಿನಲ್ಲೇ ಕೇಳಿದ್ದೇನೆ: ಇನ್ನು ಇಪ್ಪತ್ತು ವರ್ಷಕ್ಕೆ ಮುದುಕರಾಗುವವರೆಲ್ಲ ಫೋನ್ ಹಿಡಿದೇ ಬೆಳೆದವರಾದ್ದರಿಂದ ಈ ಸಮಸ್ಯೆ ತಾನಾಗಿ ಕರಗುತ್ತದಂತೆ. ಕಲಿಕೆಯ ಕಷ್ಟ ಕರಗಬಹುದು. ಕಣ್ಣಿನ ಮಸೂರ ಗಡಸಾಗುವುದಕ್ಕೂ ಹಳದಿಯಾಗುವುದಕ್ಕೂ ಯಾರ ಎಂಜಿನಿಯರಿಂಗ್ ಪದವಿಯೂ ಅಡ್ಡ ಬರುವುದಿಲ್ಲ. ನನಗೆ ನಲವತ್ತೇಳು, ಮೀಟಿಂಗಿನಲ್ಲಿ ಯಾರಿಗೂ ಕಾಣದಂತೆ ಫೋನಿನ ಅಕ್ಷರ ಎರಡು ಮೆಟ್ಟಿಲು ಏರಿಸಿಕೊಂಡಿದ್ದೇನೆ. ಆ ವಾದ ಹೂಡಿದ ಮಹಾಶಯರ ಫೋನಿನಲ್ಲೂ ಅದೇ ಕಥೆ, ಪಕ್ಕದಲ್ಲಿ ಕುಳಿತು ನೋಡಿದ್ದೇನೆ.

ಈ ಕಸುಬಿನಲ್ಲಿರುವ ಗೆಳೆಯರಿಗೆ ಹೇಳುವುದಿಷ್ಟು. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಲು ಫೋನೇ ಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಕೊನೆಯವರೆಗೆ ಎಳೆದು, ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಕನ್ನಡಕ ತೆಗೆದಿಟ್ಟು, ನಿಮ್ಮ ಆ್ಯಪ್‌ನಿಂದ ಒಬ್ಬರಿಗೆ 10 ರೂಪಾಯಿ ಕಳಿಸಿ. ಒತ್ತು ಕತ್ತರಿಸಿದ್ದರೆ, ಗುಂಡಿ ಪರದೆಯ ಕೆಳಗೆ ಅಡಗಿದ್ದರೆ, ಸಂದೇಶ ಓದುವ ಮುನ್ನ ಓಡಿದ್ದರೆ, ‘ಹಿರಿಯರ ಮೋಡ್’ ಎಂಬ ಫಲಕವನ್ನು ದಯವಿಟ್ಟು ಅಲ್ಲಿಂದ ತೆಗೆದುಬಿಡಿ.